ಹನ್ನೆರಡು ದಿನದ ತಕ್ಕಡಿ

ದಸರೆಯ ಬನ್ನಿ ಹಂಚಿ ಹತ್ತು ದಿನ ಕಳೆಯುವಷ್ಟರಲ್ಲಿ ಸೊಲ್ಲಾಪುರದ ಮಿಠಾಯಿ ಅಂಗಡಿಗಳ ಮುಂದೆ ಹಂದರ ಏಳುತ್ತದೆ. ಒಳಗಿನ ಗಾಜಿನ ಕಪಾಟುಗಳು ಸಾಲದೆ ಬೀದಿಯ ಅಂಚಿನವರೆಗೂ ಮೇಜುಗಳು ಬರುತ್ತವೆ. ಆ ಮೇಜುಗಳ ಹಿಂದೆ ನಿಲ್ಲುವವರು ವರ್ಷವಿಡೀ ಅಂಗಡಿಯಲ್ಲಿ ದುಡಿಯುವವರಲ್ಲ. ಕಾಲೇಜಿಗೆ ರಜೆ ಬಿದ್ದ ಹುಡುಗ ಹುಡುಗಿಯರು, ಅಕ್ಕಲಕೋಟೆಯ ಕಡೆಯ ಹಳ್ಳಿಗಳಿಂದ ಬಸ್ಸು ಹಿಡಿದು ಬರುವವರು, ಮಗ್ಗದ ಕೆಲಸ ಇಳಿಮುಖವಾದ ಮನೆಗಳ ಮಕ್ಕಳು. ಧನತ್ರಯೋದಶಿಗೆ ಮುಂಚಿನ ಒಂದು ವಾರ, ಆಮೇಲೆ ಭಾವುಬೀಜದವರೆಗಿನ ಐದು ದಿನ, ಒಟ್ಟು ಹನ್ನೆರಡು ದಿನಗಳ ನೌಕರಿ ಅವರದು.

ಅಂಥ ಒಂದು ಅಂಗಡಿಯಲ್ಲಿ ಈ ಹೊಸಬರನ್ನು ತಿದ್ದುವ ಹೊಣೆ ಮೂವತ್ತು ವರ್ಷಗಳಿಂದ ತಕ್ಕಡಿಯ ಮುಂದೆ ನಿಂತ ಒಬ್ಬ ಹಿರಿಯರದು. ಮಾಲೀಕರಿಂದ ಹಿಡಿದು ಭಟ್ಟಿಯ ಹುಡುಗರವರೆಗೆ ಎಲ್ಲರಿಗೂ ಅವರು ‘ಕಾಕಾ’. ಅವರ ಪಾಠಕ್ಕೆ ಸಿಗುವ ಕಾಲ ಮೂರೇ ದಿನ. ನಾಲ್ಕನೆಯ ದಿನದಿಂದ ಗಿರಾಕಿಗಳ ದಟ್ಟಣೆ ಶುರು. ‘ನಾನು ಹೊಸಬ’ ಎಂದು ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಮೇಜಿನ ಆಚೆ ನಿಂತವರಿಗೆ ಈಚೆಯವನು ಹನ್ನೆರಡು ದಿನದವನೋ ಮೂವತ್ತು ವರ್ಷದವನೋ ಗೊತ್ತಾಗುವುದಿಲ್ಲ. ಅವನು ತೂಗಿದ್ದೇ ಅಂಗಡಿಯ ತೂಕ, ಅವನು ಆಡಿದ್ದೇ ಅಂಗಡಿಯ ಮಾತು.

ಕಳೆದ ಹಬ್ಬಕ್ಕೆ ಬಂದವರು ಎಂಟು ಮಂದಿ. ಮೊದಲ ದಿನ ಅವರು ಒಂದು ತುಣುಕು ಮಿಠಾಯಿಯನ್ನೂ ಮಾರಲಿಲ್ಲ. ಕಾಕಾ ಅವರೆದುರು ಒಂದು ತಕ್ಕಡಿ, ಮೂರು ಅಳತೆಯ ಖಾಲಿ ಡಬ್ಬಿಗಳು ಮತ್ತು ಒಂದು ಬುಟ್ಟಿ ಪುಟಾಣಿ ಇಟ್ಟರು. ಮಿಠಾಯಿಯನ್ನು ಹತ್ತು ಸಲ ತೆಗೆದು ಹಾಕಿದರೆ ಅದು ಹಾಳು. ಪುಟಾಣಿಗೆ ಆ ಭಯವಿಲ್ಲ. ಖಾಲಿ ಡಬ್ಬಿಗಳನ್ನು ಒಂದೊಂದಾಗಿ ತಕ್ಕಡಿಯ ಮೇಲಿಟ್ಟು ತೂಕವನ್ನು ಗಟ್ಟಿಯಾಗಿ ಓದಿಸಿದರು. ಪಾವು ಕಿಲೋದ ಡಬ್ಬಿ 40 ಗ್ರಾಂ, ಅರ್ಧ ಕಿಲೋದ್ದು 60, ಒಂದು ಕಿಲೋದ್ದು 90.

“ಈ ರಟ್ಟು ನಾವು ಮಾರೂದಿಲ್ಲ, ತಮ್ಮಾ. ಮಾರೂದು ಒಳಗಿಂದು,” ಎಂದರು ಕಾಕಾ. ಮಾತು ಸಣ್ಣದು, ಅದರ ಲೆಕ್ಕ ಸಣ್ಣದಲ್ಲ. ಆ ವರ್ಷ ಅಂಗಡಿಯಲ್ಲಿ ಕಾಜು ಕತ್ಲಿ ಕಿಲೋಗೆ 960 ರೂಪಾಯಿ. ಅರ್ಧ ಕಿಲೋದ ಡಬ್ಬಿಯನ್ನು ಮಿಠಾಯಿಯ ಜೊತೆಗೇ ತೂಗಿದರೆ ಗಿರಾಕಿ 60 ಗ್ರಾಂ ರಟ್ಟಿಗೆ 57 ರೂಪಾಯಿ 60 ಪೈಸೆ ತೆತ್ತಂತಾಗುತ್ತದೆ. ಅಂಥ ನೂರು ಡಬ್ಬಿ ಹೋದರೆ 5,760 ರೂಪಾಯಿ. ಡಬ್ಬಿಯ ತೂಕ ಕಳೆದು ನಿವ್ವಳ ತೂಕವನ್ನೇ ಕೊಡಬೇಕೆಂಬುದು ಕಾನೂನು. ದೂರು ಹೋದರೆ ವೈಧ ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರು ಬರುತ್ತಾರೆ, ದಂಡ ಬೀಳುತ್ತದೆ. ಆದರೆ ಕಾಕಾ ಹೆದರಿಸಿದ್ದು ಆ ದಂಡದಿಂದಲ್ಲ. ಮನೆಗೆ ಹೋಗಿ ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ ನೋಡುವ ಅತ್ತೆಯಂದಿರು ಈ ಊರಲ್ಲಿ ಬಹಳ ಮಂದಿ ಇದ್ದಾರೆಂದು ಅವರು ಹೇಳಿದಾಗ ಎಂಟೂ ಮಂದಿ ನಕ್ಕರು. ಆದರೂ ಮಾತು ಮನಸ್ಸಿನಲ್ಲಿ ಉಳಿಯಿತು.

ವಿಧಾನ ಸರಳ. ಖಾಲಿ ಡಬ್ಬಿ ಇಡುವುದು, ‘ಟೇರ್’ ಗುಂಡಿ ಒತ್ತುವುದು, ಸೊನ್ನೆ ಬಂದಿತೆಂದು ನೋಡಿ ಆಮೇಲೆ ತುಂಬುವುದು. ತಪ್ಪು ಆಗುವುದು ಎರಡನೆಯ ಗಿರಾಕಿಯ ಸರದಿಯಲ್ಲಿ. ಮೊದಲನೆಯವರಿಗೆ ಕಿಲೋ ಡಬ್ಬಿ ತೂಗಿ ಕೆಳಗಿಳಿಸಿದಾಗ ತಕ್ಕಡಿ ಆ 90 ಗ್ರಾಂ ನೆನಪನ್ನು ಬಿಟ್ಟಿರುವುದಿಲ್ಲ. ಅವಸರದಲ್ಲಿ ಗುಂಡಿ ಒತ್ತದೆ ಅರ್ಧ ಕಿಲೋದ 60 ಗ್ರಾಂ ಡಬ್ಬಿ ಇಟ್ಟು ತುಂಬಿದರೆ, ಪರದೆ 500 ತೋರಿಸಿದಾಗ ಒಳಗೆ 530 ಗ್ರಾಂ ಇರುತ್ತದೆ; ನಷ್ಟ ಅಂಗಡಿಗೆ. ಸಣ್ಣ ಡಬ್ಬಿಯ 40 ಗ್ರಾಂ ನೆನಪಿನ ಮೇಲೆ ಅರ್ಧ ಕಿಲೋದ ಡಬ್ಬಿ ಇಟ್ಟರೆ ಒಳಗಿರುವುದು 480, ನಷ್ಟ ಗಿರಾಕಿಗೆ. ಎರಡೂ ಸಲ ಪರದೆ ತೋರಿಸುವುದು ಅದೇ 500. ತುಂಬಿದ ಮೇಲೆ ನೋಡಿ ಈ ತಪ್ಪನ್ನು ಹಿಡಿಯಲಾಗದು. ತುಂಬುವ ಮುಂಚೆ ನೋಡಿದರೆ ಹಿಡಿಯಬಹುದು. ಖಾಲಿ ತಕ್ಕಡಿಯ ಪರದೆಯಲ್ಲಿ -0.090 ಎಂದೋ -0.040 ಎಂದೋ ಇದ್ದರೆ ಹಳೆಯ ಡಬ್ಬಿಯ ತೂಕ ಇನ್ನೂ ಒಳಗಿದೆ ಎಂದರ್ಥ. “ಗಿರಾಕಿ ಮುಖಾ ನೋಡೂಕ್ಕಿಂತ ಮೊದಲ ತಕ್ಕಡಿ ಮುಖಾ ನೋಡ್ರಿ,” ಎಂಬುದು ಮೊದಲ ದಿನದ ಪಾಠದ ಸಾರ. ಕಾಕಾ ಬೇಕೆಂದೇ ಹಳೆಯ ತೂಕ ಬಿಟ್ಟು ಸರಿದುನಿಂತು, ಯಾರು ಗಮನಿಸುತ್ತಾರೆಂದು ಸಂಜೆಯವರೆಗೂ ಪರೀಕ್ಷಿಸುತ್ತಿದ್ದರು.

ಎರಡನೆಯ ದಿನ ಮಾತು ಮತ್ತು ಬಿಲ್ಲು. ಸೊಲ್ಲಾಪುರದ ಮೇಜಿಗೆ ಕನ್ನಡ, ಮರಾಠಿ, ತೆಲುಗು, ಹಿಂದಿ ಎಲ್ಲವೂ ಬರುತ್ತವೆ. ಗಡಿಯ ಹಳ್ಳಿಗಳ ಕನ್ನಡ ಶಾಲೆಗಳಿಂದ ಬಂದ ಮಕ್ಕಳಿಗೆ ಮರಾಠಿ ಬಾರದೆಂದಲ್ಲ, ಸಂತೆಯಲ್ಲಿ ಕೇಳಿ ಬೆಳೆದವರೇ. ಆದರೆ ಮರಾಠಿಯ ಕಾಲು ಮುಕ್ಕಾಲಿನ ಲೆಕ್ಕ ಅವಸರದಲ್ಲಿ ಮೋಸ ಮಾಡುತ್ತದೆ. ‘ಪಾವಣೇದೋನ್ ಕಿಲೋ’ ಎಂದರೆ ಎರಡಕ್ಕೆ ಕಾಲು ಕಡಿಮೆ, ಅಂದರೆ ಒಂದೂಮುಕ್ಕಾಲು. ‘ಪಾವು’ ಎಂಬ ಸದ್ದನ್ನೂ ‘ದೋನ್’ ಎಂಬ ಸದ್ದನ್ನೂ ಹಿಡಿದ ಕನ್ನಡದ ಕಿವಿ ಅದನ್ನು ಎರಡೂಕಾಲು ಎಂದುಕೊಳ್ಳುತ್ತದೆ. ಎರಡೂಕಾಲಿಗೆ ಅವರ ಮಾತು ‘ಸವ್ವಾದೋನ್’. ನಡುವಿನ ಅಂತರ ಅರ್ಧ ಕಿಲೋ. ಕಾಜು ಕತ್ಲಿಯಾದರೆ 480 ರೂಪಾಯಿ. ‘ಅಡೀಚಶೇ’ ಎಂದರೆ ಇನ್ನೂರೈವತ್ತು, ‘ದೀಡಶೇ’ ಎಂದರೆ ನೂರೈವತ್ತು. ಇವುಗಳನ್ನೂ ಕಾಕಾ ಮಗ್ಗಿಯ ಹಾಗೆ ಒಪ್ಪಿಸಿಕೊಂಡರು. ಕಡೆಗೆ ಅವರು ಕೊಟ್ಟ ಉಪಾಯ ಒಂದೇ: ಯಾವ ಭಾಷೆಯಲ್ಲಿ ಕೇಳಿದರೂ ಸರಿ, ತೂಗುವ ಮುಂಚೆ ಗ್ರಾಮಿನಲ್ಲಿ ತಿರುಗಿ ಹೇಳಬೇಕು. “ಒಂದು ಕಿಲೋ ಏಳನೂರೈವತ್ತು ಗ್ರಾಂ, ಹೌದಲ್ರಿ?” ಎಂದು ಕೇಳಿದರೆ ತಪ್ಪು ತಿಳಿದಿದ್ದರೂ ಗಿರಾಕಿಯೇ ತಿದ್ದುತ್ತಾರೆ.

ಬಿಲ್ಲಿನ ದಾರಿ ಹೀಗೆ. ತೂಗಿದವರು ಚೀಟಿಯಲ್ಲಿ ಪದಾರ್ಥದ ಹೆಸರು, ನಿವ್ವಳ ತೂಕ, ತಮ್ಮ ಹೆಸರಿನ ಮೊದಲ ಅಕ್ಷರ ಬರೆಯುತ್ತಾರೆ. ಗಿರಾಕಿ ಆ ಚೀಟಿಯನ್ನು ಗಲ್ಲೆಗೆ ಒಯ್ದು ಹಣ ಕೊಟ್ಟು ಬಿಲ್ಲು ತಂದಾಗ, ಕಟ್ಟಿಟ್ಟ ಡಬ್ಬಿಗಳನ್ನು ಬಿಲ್ಲಿನ ಸಾಲುಗಳಿಗೆ ಒಂದೊಂದಾಗಿ ತಾಳೆ ನೋಡಿ ಕೊಡುತ್ತಾರೆ. ಈ ಅಂಗಡಿಯ ಫಲಕದ ದರದಲ್ಲಿ ತೆರಿಗೆ ಸೇರಿಯೇ ಇದೆ. ಬಿಲ್ಲಿನಲ್ಲಿ ಅದು ಬಿಡಿಸಿ ಅಚ್ಚಾಗುವುದರಿಂದ, ಮೇಲೆ ಮತ್ತೆ ತೆರಿಗೆ ಹಾಕಿದರೆಂದು ಕೆಲವರು ಸಿಟ್ಟಾಗುತ್ತಾರೆ. ಅದಕ್ಕೆ ಉತ್ತರವನ್ನೂ ಕಲಿಸಬೇಕಾಯಿತು. ಮಿಠಾಯಿಗೆ ಶೇ. 5ರಷ್ಟು ಜಿಎಸ್‌ಟಿ, 525 ರೂಪಾಯಿಯ ಬಿಲ್ಲಿನಲ್ಲಿ ಪದಾರ್ಥದ ಬೆಲೆ 500, ತೆರಿಗೆ 25, ಅದು ಕೇಂದ್ರಕ್ಕೆ ಹನ್ನೆರಡೂವರೆ, ರಾಜ್ಯಕ್ಕೆ ಹನ್ನೆರಡೂವರೆ ಎಂದು ಹಂಚಿಹೋಗುತ್ತದೆ. ಒಟ್ಟಿನಲ್ಲಿ ಕೊಡಬೇಕಾದದ್ದು ಫಲಕದಲ್ಲಿ ಕಂಡ ದರವೇ.

ಗಲ್ಲೆಯಲ್ಲಿ ಕೂರುವ ಇಬ್ಬರಿಗೆ ಮತ್ತೆರಡು ಮಾತು. ಗಿರಾಕಿ ಕೊಟ್ಟ ನೋಟನ್ನು ಚಿಲ್ಲರೆ ಎಣಿಸಿ ಕೊಡುವವರೆಗೆ ಪೆಟ್ಟಿಗೆಯ ಒಳಗೆ ಹಾಕಬಾರದು, ಮೇಲೆಯೇ ಇಟ್ಟು “ಐನೂರು ಕೊಟ್ಟೀರಿ” ಎಂದು ಹೇಳಬೇಕು. ‘ನಾನು ಕೊಟ್ಟದ್ದು ಐನೂರು, ನೂರಲ್ಲ’ ಎಂಬ ಜಗಳ ಅಲ್ಲಿಯೇ ಮುಗಿಯುತ್ತದೆ. ಫೋನಿನಿಂದ ಹಣ ಕಳಿಸಿದವರು ತೋರಿಸುವ ಪರದೆಯನ್ನು ನೋಡಿ ಡಬ್ಬಿ ಕೊಡಬಾರದು. ಅಂಗಡಿಯ ಖಾತೆಗೆ ಹಣ ಬಂದದ್ದನ್ನು ಅಂಗಡಿಯ ಫೋನಿನಲ್ಲೇ ನೋಡಬೇಕು. ಗದ್ದಲದಲ್ಲಿ ಧ್ವನಿಪೆಟ್ಟಿಗೆ ಎರಡು ಸಲ ಒಂದೇ ಮೊತ್ತವನ್ನು ಕೂಗಿದರೆ ಯಾವುದು ಯಾರದೆಂದು ತಿಳಿಯದು. ಆಗ ಕಳಿಸಿದವರ ಹೆಸರು ಕೇಳಿ ತಾಳೆ ನೋಡುವುದೊಂದೇ ದಾರಿ.

ಮೂರನೆಯ ದಿನದ ಪಾಠ ಎಲ್ಲಕ್ಕಿಂತ ಸೂಕ್ಷ್ಮವಾದದ್ದು: ಕೇಳಿದ್ದಕ್ಕಿಂತ ತುಸು ಹೆಚ್ಚು ಮಾರುವುದು. ಇದರ ಬಗ್ಗೆ ಅಂಗಡಿಯಲ್ಲಿ ಒಮ್ಮತವಿರಲಿಲ್ಲ. ಕೆಲವು ವರ್ಷಗಳ ಹಿಂದೆ ಮಾಲೀಕರ ಮಗ ಹಬ್ಬದ ಕೆಲಸಗಾರರಿಗೆ ಒಂದು ಬಹುಮಾನ ಇಟ್ಟಿದ್ದರು. ಯಾರ ಚೀಟಿಗಳ ಸರಾಸರಿ ಮೊತ್ತ ಹೆಚ್ಚೋ ಅವರಿಗೆ ದಿನಗೂಲಿಯ ಮೇಲೆ ಇಷ್ಟು ಎಂದು. ವ್ಯಾಪಾರ ಏರಿತು, ಎಲ್ಲರೂ ಹಿಗ್ಗಿದರು. ಏರಿದ್ದು ಹೇಗೆಂದು ತಿಳಿದದ್ದು ಹಬ್ಬ ಮುಗಿದ ಮೇಲೆ, ಕಾಕಾ ಚೀಟಿಗಳ ಕಟ್ಟನ್ನು ಬಿಚ್ಚಿ ಕುಳಿತಾಗ.

ಅರ್ಧ ಕಿಲೋ ಕೇಳಿದವರ ಚೀಟಿಗಳನ್ನು ಮಾತ್ರ ಅವರು ಬೇರೆ ಮಾಡಿದರು. ಕೈಯಲ್ಲಿ ಕಟ್ಟಿದ ಲಾಡು ಎಲ್ಲವೂ ಒಂದೇ ತೂಕ ಇರುವುದಿಲ್ಲ. ಸುಮಾರು 50 ಗ್ರಾಮಿನವು ಹತ್ತು ಹಾಕಿದರೆ ಒಮ್ಮೆ 490, ಒಮ್ಮೆ 505, ಇನ್ನೊಮ್ಮೆ 495 ಬರುತ್ತದೆ. ಬಂದ ತೂಕಕ್ಕೆ ಬಿಲ್ಲು. ಪ್ರಾಮಾಣಿಕವಾದ ಕೈ 500ರ ಎರಡೂ ಬದಿಗೆ ಬೀಳುತ್ತದೆ. ಆದರೆ ಬಹುಮಾನ ಗೆದ್ದ ಹುಡುಗನ ಚೀಟಿಗಳಲ್ಲಿ 545, 560, 550, 555. ಐನೂರಕ್ಕೆ ಕಡಿಮೆಯ ತೂಕ ಒಂದೂ ಇರಲಿಲ್ಲ. ಅವನು ಪ್ರತಿ ಡಬ್ಬಿಗೂ ಒಂದು ಲಾಡು ಹೆಚ್ಚಿಗೆ ಹಾಕಿ, ಮುಚ್ಚಳ ಹಾಕುವಾಗ “ಸ್ವಲ್ಪ ಜಾಸ್ತಿ ಆತು, ಇರಲಿ ಬಿಡ್ರಿ?” ಎನ್ನುತ್ತಿದ್ದ. ಹಿಂದೆ ಸಾಲು ನಿಂತಿರುವಾಗ, ಕಟ್ಟಿದ ಡಬ್ಬಿಯನ್ನು ಬಿಚ್ಚಿ ಒಂದು ಲಾಡು ತೆಗೆಯಿರಿ ಎನ್ನುವ ಧೈರ್ಯ ಯಾರಿಗಿರುತ್ತದೆ? ಗಿರಾಕಿ ಒಪ್ಪಿದಂತೆ ಕಾಣುತ್ತದೆ. ನಿಜವಾಗಿ ಸಂಕೋಚಕ್ಕೆ ಬೆಲೆ ತೆತ್ತಿರುತ್ತಾರೆ. ಅಂಗಡಿ ತೂಕದಲ್ಲಿ ಮೋಸ ಮಾಡಲಿಲ್ಲ, ದರದಲ್ಲಿ ಮಾಡಲಿಲ್ಲ, ಆದರೂ ಎಣಿಸಿ ತಂದ ಹಣದಲ್ಲಿ ಇಪ್ಪತ್ತು ಮೂವತ್ತು ರೂಪಾಯಿಯನ್ನು ಅವರ ಕೈಯಿಂದ ಜಾರಿಸಿಕೊಂಡಿತು. ಆ ಬಹುಮಾನ ಮರುವರ್ಷದಿಂದ ನಿಂತಿತು. ಹುಡುಗನ ಮೇಲೆ ಕಾಕಾ ಸಿಟ್ಟಾಗಲಿಲ್ಲ. ಅಂಗಡಿ ಏನನ್ನು ಎಣಿಸಿತೋ ಅದನ್ನೇ ಅವನು ಬೆಳೆಸಿದ್ದ.

ಹಾಗೆಂದು ಹೆಚ್ಚು ಮಾರುವುದನ್ನೇ ಬಿಡಬೇಕೆಂದು ಅವರು ಹೇಳುವವರಲ್ಲ. ಹಬ್ಬದ ಸಾಮಾನು ಕೊಳ್ಳಲು ಬಂದವರಿಗೆ ಏನೇನು ಬೇಕೆಂಬುದು ಅವರಿಗೇ ಪೂರ್ತಿ ನೆನಪಿರುವುದಿಲ್ಲ. ಸಿಹಿ ಕೊಂಡು ಮನೆಗೆ ಹೋದ ಮೇಲೆ ಖಾರಕ್ಕೆ ಚೂಡಾ ತರಲಿಲ್ಲವಲ್ಲ ಎಂದು ಮತ್ತೆ ಪೇಟೆಗೆ ಮಗನನ್ನು ಅಟ್ಟುವವರು ಎಷ್ಟೋ ಮಂದಿ. ನೆನಪು ಮಾಡಿಕೊಡುವುದು ಅಂಗಡಿಯವನ ಕೆಲಸ. ನೆನಪು ಮಾಡಿಕೊಡುವುದಕ್ಕೂ ಮೈಮೇಲೆ ಬೀಳುವುದಕ್ಕೂ ನಡುವೆ ಗೆರೆ ಎಲ್ಲಿದೆ ಎಂಬುದೇ ಪಾಠ.

ಆ ಪಾಠ ಗಿರಾಕಿಯಿಂದಲ್ಲ, ತಟ್ಟೆಯಿಂದ ಶುರುವಾಯಿತು. 2020ರ ಅಕ್ಟೋಬರ್ 1ರಿಂದ, ಬಿಡಿಯಾಗಿ ಮಾರುವ ಮಿಠಾಯಿಯ ಪ್ರತಿ ತಟ್ಟೆಯ ಮುಂದೆಯೂ ಯಾವ ತಾರೀಕಿನೊಳಗೆ ತಿನ್ನುವುದು ಒಳ್ಳೆಯದೆಂದು ಬರೆದಿಡಬೇಕೆಂಬ ನಿಯಮ ದೇಶದಲ್ಲೆಲ್ಲ ಜಾರಿಗೆ ಬಂದಿದೆ. ಅನೇಕ ಕಡೆ ಆ ಫಲಕ ಗಿರಾಕಿಯ ಕಣ್ಣಿಗೆ ಬೀಳದಷ್ಟು ಸಣ್ಣದಾಗಿರುತ್ತದೆ. ಕಾಕಾ ಹೊಸಬರಿಂದ ಪ್ರತಿದಿನ ಬೆಳಿಗ್ಗೆ ಅವನ್ನು ಸಾಲಾಗಿ ಓದಿಸುತ್ತಾರೆ. ಈ ಅಂಗಡಿಯ ಲೆಕ್ಕದಲ್ಲಿ ಕಲಾಕಂದ ಅದೇ ದಿನದ್ದು. ಅದರಲ್ಲಿ ಹಾಲಿನ ನೀರಿನಂಶ ಹೆಚ್ಚು, ಬೇಗ ಹುಳಿಯುತ್ತದೆ. ಖವೆಯನ್ನು ಚೆನ್ನಾಗಿ ಹುರಿದು ಮಾಡಿದ ಪೇಡೆಗೆ ನಾಲ್ಕು ದಿನ. ತುಪ್ಪದಲ್ಲಿ ಹಿಟ್ಟು ಹುರಿದು ಕಟ್ಟಿದ ಬೇಸನ್ ಲಾಡಿಗೆ ಹದಿನೈದು ದಿನ. ಇಷ್ಟು ಬಾಯಿಗೆ ಬಂದವರಿಗೆ ಗಿರಾಕಿಯನ್ನು ಏನು ಕೇಳಬೇಕೆಂಬುದು ತಾನಾಗಿ ಹೊಳೆಯುತ್ತದೆ: ಮನೆಗೋ, ಬೇರೆಯವರಿಗೆ ಕೊಡುವುದಕ್ಕೋ? ಯಾವತ್ತು ತಿನ್ನುವುದು? ಎಷ್ಟು ಮಂದಿ? ಈ ಮೂರು ಪ್ರಶ್ನೆಗಳ ನಂತರ ಒಂದೇ ಒಂದು ಸಲಹೆ, ಒಂದೇ ಸಲ, ದರ ಹೇಳಿ. ದರ ಹೇಳದೆ ಕೊಟ್ಟ ಸಲಹೆ, ಬಿಲ್ಲು ನೋಡಿದಾಗ ಬಲೆಯಂತೆ ಕಾಣುತ್ತದೆ.

ಶಬ್ದಗಳ ಬಗ್ಗೆಯೂ ಅವರಿಗೆ ಕಟ್ಟುನಿಟ್ಟಿತ್ತು. ‘ಬರೇ’ ಎಂಬ ಶಬ್ದ ಮೇಜಿನ ಹಿಂದೆ ನಿಷಿದ್ಧ. “ಬರೇ ಪಾವು ಕಿಲೋನ?” ಎಂದು ಕೇಳಿದರೆ ಎದುರಿನವರು ನಾಲ್ಕು ಜನರ ಮುಂದೆ ಬಡವರಾಗಿ ನಿಲ್ಲುತ್ತಾರೆ, ಮರ್ಯಾದೆಗೆ ಅಂಜಿ ಅರ್ಧ ಕಿಲೋ ಕೊಂಡರೂ ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ. “ಮತ್ತೇನ್ರಿ? ಮತ್ತ?” ಎಂದು ಬೆನ್ನು ಹತ್ತುವುದೂ ಬೇಡ. “ಕಟ್ಟಲೇನ್ರಿ?” ಎಂದು ಕೇಳಬೇಕು. ಬೇಕಾದವರು ‘ತಡೀರಿ’ ಎಂದು ಇನ್ನೊಂದು ಹೇಳುತ್ತಾರೆ, ಬೇಡದವರು ‘ಹೂಂ’ ಎಂದು ಗೌರವದಿಂದ ಮುಗಿಸುತ್ತಾರೆ. ಸಲಹೆ ಕೊಟ್ಟಾಗ ಗಿರಾಕಿಯ ಕಣ್ಣು ದರದ ಫಲಕಕ್ಕೆ ಹೋಯಿತೆ, ಕೈ ಪರ್ಸನ್ನು ಒಮ್ಮೆ ಮುಟ್ಟಿತೆ, ಜೊತೆಯವರ ಮುಖ ನೋಡಿದರೆ? ಅಲ್ಲಿಗೆ ಆ ಮಾತು ನಿಲ್ಲಬೇಕು. ಉತ್ತರ ಬಾಯಿಂದಲೇ ಬರಬೇಕೆಂದು ಕಾಯಬಾರದು.

ಇನ್ನೊಂದು ಗಡಿಯನ್ನು ಅವರು ಬೇರೆಯಾಗಿಯೇ ಹೇಳಿದರು. ಸಕ್ಕರೆ ಹಾಕದ ಖರ್ಜೂರ ಅಂಜೂರದ ರೋಲುಗಳು ಅಂಗಡಿಯಲ್ಲಿವೆ. ದರವೂ ಹೆಚ್ಚು, ಲಾಭವೂ ಹೆಚ್ಚು. ಆದರೆ “ಶುಗರ್ ಇದ್ದವರು ತಿನ್ನಬಹುದೇನ್ರಿ?” ಎಂದು ಕೇಳಿದರೆ ‘ತಿನ್ನಬಹುದು’ ಎಂಬ ಮಾತು ಯಾರ ಬಾಯಿಂದಲೂ ಬರಕೂಡದು. ಮೇಲೆ ಸಕ್ಕರೆ ಸುರಿದಿಲ್ಲ ಎಂಬುದಷ್ಟೇ ಖರೆ; ಖರ್ಜೂರದ್ದೇ ಸಕ್ಕರೆ ಅದರೊಳಗೆ ಬೇಕಾದಷ್ಟಿದೆ. “ಸಕ್ಕರಿ ಹಾಕಿಲ್ಲರಿ, ಖಜೂರಿಂದು ಸಿಹಿ ಐತಿ. ಡಾಕ್ಟರ್‌ನ ಕೇಳಿ ತಿನ್ರಿ,” ಎನ್ನಬೇಕು. ಆಮೇಲೆ ಅವರು ಕೊಂಡರೂ ಸರಿ, ಬಿಟ್ಟರೂ ಸರಿ.

ಈ ಪಾಠದ ಪರೀಕ್ಷೆ ಲಕ್ಷ್ಮೀಪೂಜೆಯ ಬೆಳಿಗ್ಗೆ ಬಂತು. ದಟ್ಟಣೆ ಮೇಜಿನಿಂದ ಬೀದಿಗೆ ಹರಿದಿತ್ತು. ನಡುವಯಸ್ಸಿನ ಹೆಂಗಸೊಬ್ಬರು ಅಕ್ಕಲಕೋಟೆ ಕಡೆಯ ಹುಡುಗಿಯ ಮುಂದೆ ನಿಂತರು. ಕೈಯಲ್ಲಿ ಬೋನಸ್ಸಿನ ಲಕೋಟೆ. ಅವರು ಕೇಳಿದ್ದು ಅರ್ಧ ಕಿಲೋ ಕಲಾಕಂದ, ಅರ್ಧ ಕಿಲೋ ಪೇಡೆ. ಕಲಾಕಂದ ಕಿಲೋಗೆ 560, ಪೇಡೆ 500. ಎರಡಕ್ಕೂ ಸೇರಿ 530 ರೂಪಾಯಿ. ಹುಡುಗಿ ತೂಗಿ ಕೊಟ್ಟುಬಿಟ್ಟಿದ್ದರೆ ಅರ್ಧ ನಿಮಿಷದ ಕೆಲಸ, ಯಾರೂ ತಪ್ಪೆನ್ನುತ್ತಿರಲಿಲ್ಲ.

ಅವಳು ಖಾಲಿ ತಕ್ಕಡಿಯ ಸೊನ್ನೆಯನ್ನು ನೋಡಿ, ಆಮೇಲೆ ತಲೆಯೆತ್ತಿ, “ಅಕ್ಕಾರ, ಎರಡೂ ಇವತ್ತಿಗೇನ್ರಿ?” ಎಂದು ಕೇಳಿದಳು.

“ಪೇಡೆ ಇವತ್ತಿನ ಪೂಜಿಗಿ. ಕಲಾಕಂದ ನಮ್ಮ ತಮ್ಮಗ. ಭಾವುಬೀಜಕ್ಕ ಬರ್ತಾನ, ಹುಡುಗರನ್ನೂ ಕರಕೊಂಡು.”

“ಭಾವುಬೀಜ ನಾಡಿದ್ದರಿ. ಕಲಾಕಂದ ಇವತ್ತs ತಿನ್ನೂದು, ನಾಡಿದ್ದಿನ ತನಕ ಕೆಡತದ. ಲಾಡು ಒಯ್ರಿ, ಏನೂ ಆಗೂದಿಲ್ಲ. ಇಲ್ಲಾಂದ್ರ ಅವತ್ತ ಮುಂಜಾನಿ ಬರ್ರಿ, ತಾಜಾ ಇರತದ.”

ಹೆಂಗಸು ಒಂದು ಗಳಿಗೆ ತಟ್ಟೆಯ ಮುಂದಿನ ತಾರೀಕನ್ನು ನೋಡಿದರು. ಅದು ಅಲ್ಲಿದೆ ಎಂಬುದೇ ಅವರಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಲಾಡೇ ಆಗಲಿ ಎಂದರು. ಪೂಜೆಗೆ ಎಷ್ಟು ಮಂದಿ ಎಂದು ಹುಡುಗಿ ಕೇಳಿದಳು. ಮನೆಯವರು ನಾಲ್ಕೇ ಜನ. ಪೇಡೆ ಪಾವು ಕಿಲೋ ಸಾಕಾದೀತು ಎಂದಳು. ಆಮೇಲೆ ತನ್ನ ಪಾಲಿನ ಒಂದೇ ಸಲಹೆ: “ಹುಡುಗರು ಬರ್ತಾರಂದ್ರಲ್ರಿ, ಚೂಡಾ ಐತಿ, ಅರ್ಧಾ ಕಿಲೋ ನೂರಾ ಅರವತ್ತು.” ಹೆಂಗಸಿನ ಮುಖ ಅರಳಿತು. ಸಿಹಿಯ ಯೋಚನೆಯಲ್ಲಿ ಖಾರ ಮರೆತೇ ಹೋಗಿತ್ತು. ಶಂಕರಪಾಳಿಯ ತಟ್ಟೆಯೂ ಪಕ್ಕದಲ್ಲೇ ಇತ್ತು. ಹುಡುಗಿ ಅದರ ಮಾತೆತ್ತಲಿಲ್ಲ. “ಕಟ್ಟಲೇನ್ರಿ?” ಎಂದಳು.

ತೂಕಗಳನ್ನು ದುಂಡಾಗಿಸಿ ಹೇಳುವುದಾದರೆ ಚೀಟಿ ಹೀಗಿತ್ತು. ಬೇಸನ್ ಲಾಡು ಅರ್ಧ ಕಿಲೋ, ಕಿಲೋಗೆ 480ರಂತೆ 240. ಪೇಡೆ ಪಾವು ಕಿಲೋ 125. ಚೂಡಾ ಅರ್ಧ ಕಿಲೋ, ಕಿಲೋಗೆ 320ರಂತೆ 160. ಒಟ್ಟು 525. ಹೆಂಗಸು 550 ಕೊಟ್ಟು 25 ರೂಪಾಯಿ ವಾಪಸ್ಸು ಪಡೆದು, ಎರಡರ ಬದಲು ಮೂರು ಡಬ್ಬಿ ಹಿಡಿದು ಹಂದರದಾಚೆ ಹೋದರು.

ಗಲ್ಲೆಯ ಪಕ್ಕ ನಿಂತಿದ್ದ ಮಾಲೀಕರ ಮಗ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಧ್ಯಾಹ್ನ ದಟ್ಟಣೆ ತುಸು ಇಳಿದಾಗ ಅವರು ಕಾಕಾನ ಹತ್ತಿರ ಲೆಕ್ಕ ತೆಗೆದರು. ಇಷ್ಟು ಮಾತಾಡಿ ಎರಡು ನಿಮಿಷ ಕಳೆದು, ಹಿಂದಿನವರನ್ನು ಕಾಯಿಸಿ, ಕಡೆಗೆ ಐದು ರೂಪಾಯಿ ಕಡಿಮೆ ಬಿಲ್ಲು. ಹೆಚ್ಚು ಮಾರುವುದೆಂದರೆ ಇದೇ ಏನು? ಅವರ ಪ್ರಶ್ನೆ ಅನ್ಯಾಯದ್ದಲ್ಲ. ವರ್ಷದ ವ್ಯಾಪಾರದ ದೊಡ್ಡ ಪಾಲು ಆಗುವುದು ಈ ಕೆಲವೇ ದಿನಗಳಲ್ಲಿ. ಖವೆಗೆ, ತುಪ್ಪಕ್ಕೆ ಮುಂಗಡ ಕೊಟ್ಟವರು ಅವರು, ಸಂಜೆಗೆ ಉಳಿದ ಕಲಾಕಂದವನ್ನು ಎಸೆಯಬೇಕಾದವರೂ ಅವರೇ.

ಕಾಕಾ ಒಪ್ಪಿಕೊಂಡೇ ಮಾತಾಡಿದರು. “ಐದು ರೂಪಾಯಿ ಕಡಿಮಿ ಆತು, ಖರೆ. ಆದರ ನಾಡಿದ್ದ ಆ ತಮ್ಮನ ತಾಟಿನ್ಯಾಗ ಹುಳಿ ಕಲಾಕಂದ ಬಿದ್ದಿದ್ದರ ಅವರು ಆ ಹುಡಿಗಿ ಹೆಸರು ಹೇಳತಿದ್ದಿಲ್ಲ, ಸಾವಕಾರ್ರ. ಅಂಗಡಿ ಹೆಸರು ಹೇಳತಿದ್ದರು.” ಸಮಯದ ಮಾತನ್ನು ಅವರು ಅಲ್ಲಗಳೆಯಲಿಲ್ಲ. ಸಾಲು ಬೀದಿಗಿಳಿದಾಗ ಮೂರು ಪ್ರಶ್ನೆಗೆ ವ್ಯವಧಾನವಿರುವುದಿಲ್ಲ. ಅಂಥ ಹೊತ್ತಿನಲ್ಲಿ ಕೇಳಬೇಕಾದ್ದು ‘ಯಾವತ್ತು ತಿನ್ನುವುದು?’ ಎಂಬ ಒಂದೇ ಪ್ರಶ್ನೆ, ಅದೂ ಹಾಲಿನ ಮಿಠಾಯಿ ಕೇಳಿದವರಿಗೆ ಮಾತ್ರ ಎಂದು ಇಬ್ಬರೂ ಅಲ್ಲಿಯೇ ತೀರ್ಮಾನಿಸಿದರು. ಮಾಲೀಕರ ಮಗನೂ ಒಂದು ಬದಲಾವಣೆ ಮಾಡಿದರು. ಸಣ್ಣ ಫಲಕಗಳನ್ನು ತೆಗೆಸಿ, ‘ಇವತ್ತೇ ತಿನ್ನಿ’, ‘ಭಾವುಬೀಜಕ್ಕೂ ನಡೆಯುತ್ತದೆ’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ದಪ್ಪ ಅಕ್ಷರದಲ್ಲಿ ಬರೆಸಿ ತಟ್ಟೆಗಳಿಗೆ ಸಿಕ್ಕಿಸಿದರು. ಅರ್ಧ ಮಾತು ಫಲಕವೇ ಆಡತೊಡಗಿದ್ದರಿಂದ ಸಾಲೂ ಬೇಗ ಸರಿಯಿತು. ಕಲಾಕಂದವನ್ನು ಒಮ್ಮೆಲೇ ಮಾಡಿಡುವುದು ಬಿಟ್ಟು ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು ಸಣ್ಣ ತಟ್ಟೆ ಇಳಿಸಲು ಭಟ್ಟಿಗೆ ಹೇಳಿ ಕಳಿಸಿದರು.

ಮೂರು ದಿನದಲ್ಲಿ ಕಲಿಸಲಾಗದ್ದೂ ಇದೆ. ಎಂಟು ಮಂದಿಯಲ್ಲಿ ಒಬ್ಬ ಹುಡುಗನಿಗೆ ತಕ್ಕಡಿ ಚೆನ್ನಾಗಿ ಒಲಿದಿತ್ತು, ಲೆಕ್ಕವೂ ಚುರುಕು. ಆದರೆ ಅಪರಿಚಿತರೊಡನೆ ಮಾತೆಂದರೆ ಬೆವರುತ್ತಿದ್ದ. ಕಾಕಾ ಅವನನ್ನು ಮಾತಿಗೆ ಒತ್ತಾಯಿಸಲಿಲ್ಲ. ಬಿಲ್ಲಿನ ಸಾಲುಗಳಿಗೆ ಡಬ್ಬಿ ತಾಳೆ ನೋಡಿ ಕೊಡುವ ಜಾಗದಲ್ಲಿ ನಿಲ್ಲಿಸಿದರು. ಅಲ್ಲಿ ಬೇಕಾದದ್ದು ಮೌನ ಮತ್ತು ಕಣ್ಣು. ಒಬ್ಬರ ಡಬ್ಬಿ ಇನ್ನೊಬ್ಬರಿಗೆ ಹೋಗುವ ಹಬ್ಬದ ಮಾಮೂಲು ಗೊಂದಲ ಅವನ ಕೈಯಲ್ಲಿ ಆಗಲಿಲ್ಲ.

ಭಾವುಬೀಜದ ರಾತ್ರಿ ಹಂದರ ಬಿಚ್ಚುವ ಹೊತ್ತಿಗೆ ಎಲ್ಲರಿಗೂ ಹನ್ನೆರಡು ದಿನದ ಕೂಲಿಯೂ ಒಂದೊಂದು ಕಿಲೋ ಫರಾಳದ ಡಬ್ಬಿಯೂ ಸಿಕ್ಕಿತು. ಅವರು ಹೋದ ಮೇಲೆ ಕಾಕಾ ಎಂದಿನಂತೆ ಚೀಟಿಗಳ ಕಟ್ಟು ಬಿಚ್ಚಿದರು. ಮುಂದಿನ ವರ್ಷ ಯಾರನ್ನು ಕರೆಯಬೇಕೆಂಬುದನ್ನು ಅವರು ಬಿಲ್ಲಿನ ಮೊತ್ತ ನೋಡಿ ಬರೆಯುವುದಿಲ್ಲ. ಅರ್ಧ ಕಿಲೋದ ಚೀಟಿಗಳನ್ನು ಬೇರೆ ಮಾಡಿ, ಪ್ರತಿಯೊಬ್ಬರ ಅಕ್ಷರದ ಕೆಳಗಿನ ತೂಕಗಳನ್ನು ಓದುತ್ತಾರೆ. ಅಕ್ಕಲಕೋಟೆ ಕಡೆಯ ಹುಡುಗಿಯ ಚೀಟಿಗಳಲ್ಲಿ 495, 510, 490, 505, 500 ಎಂದಿತ್ತು. ಹೆಚ್ಚಿಗೆ ಬಿದ್ದವು ಎಷ್ಟೋ ಕಡಿಮೆ ಬಿದ್ದವೂ ಹೆಚ್ಚುಕಡಿಮೆ ಅಷ್ಟೇ. ಅವಳ ಅಕ್ಷರವನ್ನು ಅವರು ತಮ್ಮ ಪುಸ್ತಕದಲ್ಲಿ ಮೊದಲ ಸಾಲಿಗೆ ಬರೆದುಕೊಂಡರು.